ಮೇಡಂ ಇನ್‌ಬಾಕ್ಸ್ ಕೈಗೆ ಬಂದಾಗ ಗೊತ್ತಾಗಿದ್ದು, ಸಬ್ಜೆಕ್ಟ್ ಲೈನ್ ಹೆಂಗಿರ್ಬೇಕು ಅಂತ

ನಮ್ಮ ಹೆಡ್ ಮೇಡಂ ಅವರ ಸೆಕ್ರೆಟರಿ ರಜೆ ಹಾಕಿದ್ರು, ಅವ್ರು ವಾಪಸ್ ಬರೋ ತನಕ ಮೇಡಂ ಮೇಲ್ ನೋಡ್ಕೊಳ್ಳೋ ಕೆಲ್ಸ ನನ್ ತಲೆಗೆ ಬಂತು. ಅಲ್ಲೀತನಕ ನಾನು ಮೀಟಿಂಗ್ ಕೇಳಿ ಮೇಲ್ ಕಳಿಸೋ ಕಡೆಯವನೇ. ಮೇಲ್ ಬಂದು ಬೀಳೋ ಕಡೆ ಕೂತು ನೋಡಿದ್ದು ಅದೇ ಮೊದಲು, ಅಲ್ಲಿಂದ ಲೋಕಾನೇ ಬೇರೆ ಥರ ಕಾಣುತ್ತೆ ಬಿಡಿ.

ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಒಂದರ ಕೆಳಗೆ ಒಂದು "ಮೀಟಿಂಗ್ ರಿಕ್ವೆಸ್ಟ್", "ಮೀಟಿಂಗ್ ಬಗ್ಗೆ", "ಸ್ವಲ್ಪ ಮಾತಾಡ್ಬೇಕಿತ್ತು", "ಅರ್ಜೆಂಟ್", ಮತ್ತೆ "ಅರ್ಜೆಂಟ್ ಮೀಟಿಂಗ್". ಯಾವ್ದು ಮೊದ್ಲು ತೆಗೀಬೇಕು ಅಂತ ಹೇಳೋಕೆ ಅದ್ರಲ್ಲಿ ಏನೂ ಇಲ್ಲ. ಎಲ್ರೂ ಅರ್ಜೆಂಟ್ ಅಂತ ಹಾಕಿದ್ಮೇಲೆ ಆ ಪದಕ್ಕೆ ಅರ್ಥಾನೇ ಇರಲ್ಲ, ಕಣ್ಣು ಅದನ್ನ ದಾಟ್ಕೊಂಡು ಮುಂದೆ ಹೋಗ್ಬಿಡುತ್ತೆ. ಮೇಡಂ ಅಂತೂ ಒಂದು ಮೀಟಿಂಗ್‌ನಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗ್ತಾ ಫೋನ್‌ನಲ್ಲೇ ನೋಡ್ತಾರೆ, ಮೇಲ್ ತೆಗೆಯಲ್ಲ, ಬರೀ ಲಿಸ್ಟ್ ಸರಿಸ್ತಾರೆ. ಕಳಿಸಿದವ್ರ ಹೆಸರು, ಸಬ್ಜೆಕ್ಟ್, ಅಷ್ಟೇ. ಈಗ್ಲೇ ಉತ್ತರ ಕೊಡೋಕಾಗುತ್ತೆ ಅನ್ಸಿದ್ರೆ ಮಾತ್ರ ಒತ್ತುತ್ತಾರೆ, ಇಲ್ಲಾಂದ್ರೆ "ಆಮೇಲೆ ನೋಡೋಣ". ಆ ಆಮೇಲೆ ಅನ್ನೋದು ಬರೋ ಹೊತ್ತಿಗೆ ಅದ್ರ ಮೇಲೆ ಇನ್ನೊಂದಷ್ಟು ಮೇಲ್ ಕೂತಿರುತ್ತೆ.

ಸೋಮವಾರ ಮಧ್ಯಾಹ್ನ ಇನ್ಫ್ರಾ ಟೀಮ್ ಹುಡುಗ ಒಬ್ಬ ಬಂದ. "ಅಣ್ಣಾ, ಮೇಡಂ ರಿಪ್ಲೈನೇ ಮಾಡ್ತಿಲ್ಲ, ಕೋಪ ಏನಾದ್ರೂ ಇದ್ಯಾ ನನ್ಮೇಲೆ?" ಕೋಪಾನೂ ಇಲ್ಲ ಏನೂ ಇಲ್ಲ, ಅವನ ಮೇಲ್ ಓಪನ್ನೇ ಆಗಿರ್ಲಿಲ್ಲ. ಹುಡುಕಿ ತೆಗೆದೆ. ಸಬ್ಜೆಕ್ಟ್ ಹೀಗಿತ್ತು: "ಕಳೆದ ವಾರದ ಚರ್ಚೆಗೆ ಸಂಬಂಧಿಸಿದಂತೆ ತಮ್ಮೊಂದಿಗೆ ಮಾತನಾಡಲು ಸಮಯ ಕೋರಿ, ಸರ್ವರ್ ಕೊಟೇಶನ್ ಬಗ್ಗೆ". ಸ್ಕೂಲಲ್ಲಿ ರಜಾ ಚೀಟಿ ಬರೆಯೋಕೆ ಕಲಿಸಿದ್ದ ಸ್ಟೈಲು, ತಪ್ಪೇನಿಲ್ಲ, ಮರ್ಯಾದೆಯಾಗೇ ಇದೆ. ಆದ್ರೆ ಫೋನ್ ಪರದೆ ಅಷ್ಟನ್ನೂ ತೋರಿಸಲ್ವಲ್ಲ, ಸುಮಾರು 30-40 ಅಕ್ಷರ ಆದ್ಮೇಲೆ ಕತ್ತರಿಸಿ ಮೂರು ಚುಕ್ಕಿ ಹಾಕುತ್ತೆ. ಮೇಡಂಗೆ ಕಂಡಿದ್ದು "ಕಳೆದ ವಾರದ ಚರ್ಚೆಗೆ ಸಂಬಂಧಿಸಿದಂತೆ…" ಅಷ್ಟೇ. ಕಳೆದ ವಾರ ಅವ್ರು ಎಷ್ಟು ಚರ್ಚೆಲಿ ಕೂತಿದ್ರೋ ಯಾರಿಗ್ಗೊತ್ತು. ಕೆಲ್ಸದ ಮಾತು, ಅಂದ್ರೆ ಸರ್ವರ್ ಕೊಟೇಶನ್ ಅನ್ನೋದು, ಚುಕ್ಕಿಗಳ ಆಚೆ ಉಳ್ಕೊಂಡಿತ್ತು.

ಏನು ಬೇಕಿತ್ತು ನಿಂಗೆ ಅಂತ ಕೇಳ್ದೆ. ಅವ್ನು ದೊಡ್ಡ ಕಥೆ ಶುರು ಮಾಡ್ದ, ಹಳೇ ಸರ್ವರ್, ವೆಂಡರ್ ಜೊತೆ ಚೌಕಾಸಿ, ಎಲ್ಲಾ. ಅದನ್ನ ಹಿಂಡಿದ್ರೆ ಉಳಿದಿದ್ದು ಇಷ್ಟು: ಕೊಟೇಶನ್ ಶುಕ್ರವಾರ 22ರ ತನಕ ಮಾತ್ರ ಚಾಲ್ತಿಲಿರುತ್ತೆ, ಅದಕ್ಕೆ ಮುಂಚೆ ಮೇಡಂ ಒಪ್ಪಿಗೆ ಬೇಕು, ಎರಡು ಆಯ್ಕೆ ಇದೆ, ಅದನ್ನ ತೋರ್ಸೋಕೆ 15 ನಿಮಿಷ ಸಾಕು. "ಹಂಗಾದ್ರೆ ಅದನ್ನೇ ಬರಿಯೋ ಮಾರಾಯ" ಅಂದೆ.

ಅಲ್ಲೇ ಕೂತು ಬರೆದ್ವಿ. ಮೊದ್ಲು ಅವ್ನು ಬರೆದಿದ್ದು "ಸರ್ವರ್ ಕೊಟೇಶನ್ ಮೀಟಿಂಗ್". ಪರವಾಗಿಲ್ಲ, ವಿಷಯ ಮುಂದೆ ಬಂತು, ಆದ್ರೆ ಇದನ್ನ ಓದಿ ಮೇಡಂ ಏನು ಮಾಡ್ಬೇಕು? ಮಾಹಿತಿ ಕೊಡೋಕೆ ಕರೀತಿದಾನಾ, ಏನಾದ್ರೂ ನಿರ್ಧಾರ ಆಗ್ಬೇಕಾ? ಅದಕ್ಕೆ "ಅಪ್ರೂವಲ್" ಸೇರಿಸಿದ್ವಿ. ಆಮೇಲೆ ಎಷ್ಟು ಹೊತ್ತು ಅನ್ನೋದು, ಇದನ್ನ ಜನ ಹಾಕೋದೇ ಇಲ್ಲ, ನಾನು ನೋಡಿದ್ಹಾಗೆ ಮೇಡಂಗೆ ಅದೇ ಮುಖ್ಯ, ಯಾಕಂದ್ರೆ ಸಮಯ ಹೇಳ್ದೇ ಇದ್ರೆ ಕ್ಯಾಲೆಂಡರ್‌ನಲ್ಲಿ ಒಂದು ಗಂಟೆ ಖಾಲಿ ಎಲ್ಲಿದೆ ಅಂತ ಹುಡುಕೋಕೆ ಹೋಗ್ತಾರೆ, ಸಿಗಲ್ಲ, ಬಿಟ್ಬಿಡ್ತಾರೆ, ಅದೇ 15 ನಿಮಿಷ ಅಂದ್ರೆ ಎಲ್ಲಾದ್ರೂ ಸಂದೀಲಿ ತೂರ್ಸ್‌ಬಹುದು. ಕೊನೇಲಿ ದಿನ. ಅವ್ನು "ನಾಳೆ ಅಥವಾ ನಾಡಿದ್ದು" ಅಂತ ಟೈಪ್ ಮಾಡ್ದ, ಅಳಿಸ್ದೆ. ಮೇಲ್ ಓದೋದು ನಾಳೆ ಆದ್ರೆ ಆ ನಾಳೆ ಯಾವ್ದು? ವಾರದ ಹೆಸರು, ತಾರೀಖು ಎರಡೂ ಇರ್ಲಿ. 5/6 ಅಂತ ಬರೆಯೋದೂ ಬೇಡ, ಬೇರೆ ದೇಶದ ಟೀಮ್‌ನವ್ರು ಕೆಲವ್ರು ಅದನ್ನ ತಿರುಗಿಸಿ ತಿಂಗಳು ಮೊದ್ಲು ಅಂತ ಓದ್ತಾರೆ. ಅಂಥವ್ರಿಗೆ ಗಂಟೆ ಬರೀವಾಗ ಯಾರ ಕಡೆಯ ಗಂಟೆ ಅನ್ನೋದೂ ಹೇಳ್ಬೇಕು.

ಕೊನೆಗೆ ಬಂದಿದ್ದು ಇದು: "ಸರ್ವರ್ ಕೊಟೇಶನ್ ಅಪ್ರೂವಲ್: 15 ನಿಮಿಷ, ಬುಧ 20 ಅಥವಾ ಗುರು 21?"

ಇದ್ರಲ್ಲಿ ಬಾಲ ಕತ್ತರಿಸಿ ಹೋದ್ರೂ ತಲೆ ಉಳಿಯುತ್ತೆ. ಕೊನೇಲಿ ಪ್ರಶ್ನೆ ಚಿಹ್ನೆ ಇರೋದ್ರಿಂದ ಉತ್ತರ ಬೇಕು ಅನ್ನೋದೂ ಗೊತ್ತಾಗುತ್ತೆ, ಎರಡೇ ಆಯ್ಕೆ ಇರೋದ್ರಿಂದ ಒಂದೇ ಪದದಲ್ಲಿ ಉತ್ತರ ಕೊಡಬಹುದು. "ನಿಮಗೆ ಯಾವಾಗ ಅನುಕೂಲ" ಅಂತ ಕೇಳೋದು ವಿನಯವಾಗಿ ಕಾಣುತ್ತೆ, ನಿಜ, ಆದ್ರೆ ಕ್ಯಾಲೆಂಡರ್ ಹುಡುಕೋ ಕೆಲ್ಸ ಎದುರಿನವ್ರ ಮೇಲೆ ಹಾಕಿದ ಹಾಗೆ. 22ರ ಗಡುವನ್ನ ಸಬ್ಜೆಕ್ಟ್‌ಗೆ ತುರುಕಲಿಲ್ಲ, ಅವ್ನಿಗೆ ಆಸೆ ಇತ್ತು, ಜಾಗ ಇರ್ಲಿಲ್ಲ. ಅದನ್ನ ಮೇಲ್‌ನ ಮೊದಲ ಸಾಲಲ್ಲೇ ಹಾಕಿಸ್ದೆ, ಯಾಕಂದ್ರೆ ಬಹಳಷ್ಟು ಫೋನ್‌ನಲ್ಲಿ ಸಬ್ಜೆಕ್ಟ್ ಕೆಳಗೆ ಮೊದಲ ಸಾಲಿನ ತುಣುಕು ಕಾಣುತ್ತೆ. ಆ ಜಾಗದಲ್ಲಿ "ನಮಸ್ಕಾರ, ತಾವು ಕ್ಷೇಮ ಎಂದು ಭಾವಿಸುತ್ತೇನೆ" ಅಂತಿದ್ರೆ ಅಷ್ಟೂ ದಂಡ.

ಹಳೇ ಮೇಲ್‌ಗೇ ರಿಪ್ಲೈ ಹೊಡೆದು ಕಳಿಸ್ಲಾ ಅಂದ. ಬೇಡ, ಹೊಸದಾಗಿ ಕಳ್ಸು ಅಂದೆ. ರಿಪ್ಲೈ ಮಾಡಿದ್ರೆ ಮುಂದೆ `Re:` ಸೇರ್ಕೊಂಡು ಹಳೇ ಸಬ್ಜೆಕ್ಟೇ ಬರುತ್ತೆ, ಮೇಡಂ ಓದ್ದೇ ದಾಟಿದ ಅದೇ ಸಾಲು ಮತ್ತೆ. ನಿಜವಾಗ್ಲೂ ಅದೇ ಮಾತು ಮುಂದುವರೀತಿದ್ರೆ ರಿಪ್ಲೈ ಸರಿ, ಹಿಂದಿನದೆಲ್ಲಾ ಒಂದೇ ಕಡೆ ಸಿಗುತ್ತೆ. ಇಲ್ಲಿ ಮಾತೇ ಶುರುವಾಗಿರ್ಲಿಲ್ಲವಲ್ಲ.

ಮೇಡಂ ಸಂಜೆ ಲಿಫ್ಟ್‌ಗೆ ಕಾಯ್ತಾ ಫೋನ್ ನೋಡಿ "ಗುರು, 11:30" ಅಂತ ಉತ್ತರ ಹೊಡೆದ್ರು. ಅಷ್ಟೇ. ಎರಡು ಆಯ್ಕೆಯ ಹೋಲಿಕೆ ಮೇಲ್ ಒಳಗೇ ಇತ್ತಾದ್ರಿಂದ ಗುರುವಾರ ಮಾತುಕತೆ 15 ನಿಮಿಷಾನೂ ತಗೊಳ್ಳಲಿಲ್ಲ.

ಆದ್ರೆ ಅದಕ್ಕೆ ಮುಂಚೆ ಇನ್ನೊಂದು ಚಿಕ್ಕ ತಕರಾರು. ಹುಡುಗ ಕ್ಯಾಲೆಂಡರ್ ಇನ್ವೈಟ್ ಕಳಿಸ್ವಾಗ ಟೈಟಲ್‌ನಲ್ಲಿ "ಮೇಡಂ ಜೊತೆ ಮೀಟಿಂಗ್" ಅಂತ ಹಾಕೋಕೆ ಹೊರಟಿದ್ದ. ಅವನ ಕಡೆಯಿಂದ ಸರಿ. ಆದ್ರೆ ಅದೇ ಟೈಟಲ್ ಮೇಡಂ ಕ್ಯಾಲೆಂಡರ್‌ನಲ್ಲೂ ಕೂರುತ್ತೆ, ಅಲ್ಲಿ ಮೇಡಂಗೆ ಮೇಡಂ ಜೊತೆಗೇ ಮೀಟಿಂಗ್! ಅವತ್ತಿನ ಪಟ್ಟೀಲಿ ಅಂಥದ್ದು ಇನ್ನೂ ಇದ್ವು, ನಕ್ಕೂ ನಕ್ಕೂ ಸಾಕಾಯ್ತು. "ಸರ್ವರ್ ಕೊಟೇಶನ್ ಅಪ್ರೂವಲ್, ಇನ್ಫ್ರಾ ಟೀಮ್" ಅಂತ ಮಾಡಿಸ್ದೆ. ದಿನ, ಸಮಯ ಅಲ್ಲಿ ಬೇಡ, ಕ್ಯಾಲೆಂಡರೇ ತೋರಿಸುತ್ತೆ.

ಎಲ್ಲಾನೂ ಹೀಗೆ ಬಿಡಿಸಿ ಬರೀಬೇಕು ಅಂತ ಮಾತ್ರ ಅನ್ಕೋಬೇಡಿ. ಅದೇ ದಿನ ಇನ್ನೊಬ್ರ ಮೇಲ್ ಬಂತು, ಸಂಬಳದ ತಕರಾರು, ಹೆಸರು ಸಮೇತ ಸಬ್ಜೆಕ್ಟ್‌ನಲ್ಲೇ. ಮೇಡಂ ಫೋನ್ ಮೇಜಿನ ಮೇಲಿತ್ತು, ಲಾಕ್ ಆಗಿದ್ರೂ ನೋಟಿಫಿಕೇಶನ್‌ನಲ್ಲಿ ಪೂರ್ತಿ ಸಾಲು ಹೊಳೀತು, ಸುತ್ತ ಕೂತವ್ರೆಲ್ಲಾ ಓದ್ಬಹುದಿತ್ತು, ನಾನಂತೂ ಓದ್ದೆ. ಮೇಲಾಗಿ ನನ್ನ ಥರ ಮೂರನೆಯವ್ನು ಇನ್‌ಬಾಕ್ಸ್ ನೋಡ್ತಿರ್ತಾನೆ ಅನ್ನೋದು ಕಳಿಸೋರಿಗೆ ಹೊಳೆಯಲ್ಲ. ಅಂಥ ವಿಷಯಕ್ಕೆ "ವೈಯಕ್ತಿಕ ವಿಷಯ: 20 ನಿಮಿಷ, ಈ ವಾರ ಶುಕ್ರ 22ರ ಒಳಗೆ ಸಾಧ್ಯವಾ?" ಅಂದ್ರೆ ಸಾಕು. ವಿಷಯ ಮುಚ್ಚಿಟ್ರೂ ಹೊತ್ತು ಮತ್ತೆ ಗಡುವು ಇದ್ದೇ ಇರುತ್ತೆ, ಉತ್ತರ ಕೊಡೋಕೆ ಮೇಡಂಗೆ ಅಷ್ಟು ಸಿಕ್ಕಿದ್ರೆ ಆಯ್ತು.