ಎಂಬತ್ತೆರಡು ಪರ್ಸೆಂಟ್ ಮತ್ತು ಒಂದು ರಫ್ ನೋಟ್‌ಬುಕ್

ಕಳೆದ ತಿಂಗಳು ಮಗಳು ಶಾಲೆಯಿಂದ ಅಳುತ್ತಾ ಬಂದಳು. ಒಂಬತ್ತನೇ ಕ್ಲಾಸು. ಗದಗಿನ ವೀರನಾರಾಯಣ ಗುಡಿ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಟೀಚರ್ ಎಐ ಬರಹ ಪತ್ತೆಹಚ್ಚುವ ಡಿಟೆಕ್ಟರ್‌ಗೆ ಹಾಕಿದರಂತೆ, '82% ಎಐ' ಅಂತ ಬಂತಂತೆ. ಅಂಕ ಸೊನ್ನೆ.

"ಅವ್ವಾ, ನಾನ ಬರದೀನಿ, ಖರೇನ" ಅಂದಳು.

ರಫ್ ನೋಟ್‌ಬುಕ್ ತೆಗೆಸಿದೆ. ಕುಮಾರವ್ಯಾಸ ಕೂತು ಬರೆದ ಅನ್ನುವ ಕಂಬದ ಬಗ್ಗೆ ಅರ್ಧ ಪುಟ. 'ಕಂಬ' ಅಂತ ಕನ್ನಡದಲ್ಲಿ ಬರೆದು, ಗೀಟು ಹಾಕಿ, ಮೇಲೆ 'ಪಿಲ್ಲರ್' ಅಂತ ತಿದ್ದಿದ್ದಳು. ಆಮೇಲೆ ಗೂಗಲ್ ಡಾಕ್ಸ್‌ನಲ್ಲಿ Version history ತೆರೆದೆವು. ಮೂರು ಸಂಜೆ ಟೈಪ್ ಮಾಡಿದ್ದು, ಅಳಿಸಿದ್ದು, ಪ್ಯಾರಾ ಮೇಲೆ ಕೆಳಗೆ ಮಾಡಿದ್ದು ಎಲ್ಲ ಟೈಮ್ ಸಮೇತ ಇತ್ತು. ನಕಲು ಹೊಡೆದಿದ್ದರೆ ದೊಡ್ಡ ತುಂಡು ಒಂದೇ ಸಲ ಬಂದು ಬೀಳುತ್ತಿತ್ತು ಅಲ್ವಾ?

ಅವತ್ತು ರಾತ್ರಿಯೇ ಪ್ರಿನ್ಸಿಪಾಲರಿಗೆ ಪತ್ರ ಬರೆದೆ:

"ಮಾನ್ಯರೇ, 82% ಅಂದರೆ ಅವಳು ಮೋಸ ಮಾಡಿದ ಸಾಧ್ಯತೆ ನೂರಕ್ಕೆ 82 ಅಂತ ಅರ್ಥ ಅಲ್ಲ. ಇಂಥ ಸಾಧನಗಳು ಬಹುತೇಕ ನೋಡುವುದು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಅನ್ನುವುದನ್ನು. ನಮ್ಮ ಮಕ್ಕಳು ಇಂಗ್ಲಿಷನ್ನು ಪಾಠದ ಪುಸ್ತಕದಿಂದ ಕಲಿತವರು. ಸಣ್ಣ ವಾಕ್ಯ, ಗೊತ್ತಿರುವ ಪದ, ಗ್ರಾಮರ್ ತಪ್ಪಬಾರದು ಅನ್ನುವ ಭಯ. ಯಂತ್ರಕ್ಕೆ ಅದೇ ಅನುಮಾನ. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆ ಅಲ್ಲದವರ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಮನುಷ್ಯರೇ ಬರೆದಿದ್ದರೂ ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಎಐ ಅಂದವು.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಕೂಡ ಒಂದು ಡಿಟೆಕ್ಟರ್ ಬಿಟ್ಟಿತ್ತು. ಮನುಷ್ಯರ ಬರಹದಲ್ಲಿ ನೂರಕ್ಕೆ 9ನ್ನು ಅದು ತಪ್ಪಾಗಿ ಹಿಡಿಯುತ್ತದೆ ಅಂತ ಕಂಪನಿಯೇ ಹೇಳಿತು. ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಆ ಲೆಕ್ಕ ಹಿಡಿದರೆ, 40 ಮಕ್ಕಳ ಕ್ಲಾಸಿನಲ್ಲಿ ಎಲ್ಲರೂ ಸ್ವಂತ ಬರೆದರೂ ಮೂರ್ನಾಲ್ಕು ಮಕ್ಕಳು ಸಿಕ್ಕಿಬೀಳುತ್ತಾರೆ.

ಕೆಲವು ಮಕ್ಕಳು ಎಐ ಬಳಸುತ್ತಾರೆ, ಅದು ನನಗೂ ಗೊತ್ತು. ಸ್ಕೋರ್ ನೋಡಿ ಅನುಮಾನ ಬಂದರೆ ಕರೆದು ಕೇಳಿ. ಶಿಕ್ಷೆಗೆ ಅದೊಂದೇ ಸಾಕ್ಷಿ ಆಗಬಾರದು. ನೋಟ್‌ಬುಕ್ ಕಳಿಸಿದ್ದೇನೆ. ಡಾಕ್ಸ್ ಫೈಲನ್ನೂ ಶೇರ್ ಮಾಡಿದ್ದೇನೆ. ಹತ್ತು ನಿಮಿಷ ಅವಳನ್ನು ಕೂರಿಸಿಕೊಂಡು ಪ್ರಬಂಧದ ಬಗ್ಗೆ ಪ್ರಶ್ನೆ ಕೇಳಿ. ಇಂಗ್ಲಿಷಿನಲ್ಲಿ ತಡವರಿಸಿದರೆ ಕನ್ನಡದಲ್ಲಿ ಹೇಳಲು ಬಿಡಿ."

ಮೂರನೇ ದಿನ ಕರೆಸಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಇಂಗ್ಲಿಷ್ ಟೀಚರ್ ನೋಟ್‌ಬುಕ್ ತೆರೆದು, ಗೀಟು ಹಾಕಿದ 'ಕಂಬ'ದ ಮೇಲೆ ಬೆರಳಿಟ್ಟು, ಇದನ್ನೇಕೆ ಬದಲಿಸಿದೆ ಅಂತ ಕೇಳಿದರಂತೆ.

"ಮೊದಲು ನೆನಪಾಗಿದ್ದು ಅದೇ ರೀ ಟೀಚರ್, ಇಂಗ್ಲಿಷ್ ಪದ ಆಮೇಲೆ ಸಿಕ್ಕಿತು" ಅಂದಳಂತೆ.

ಟೀಚರ್ ಅಲ್ಲೇ ಸೊನ್ನೆ ಹೊಡೆದು ಹಾಕಿ, ಪ್ರಬಂಧವನ್ನು ಮತ್ತೆ ಮೊದಲಿನಿಂದ ಓದಲು ಶುರು ಮಾಡಿದರು.