ಗ್ಯಾಸ್ ಹೋದ ಬಿಯರ್ ಎಂದುಕೊಂಡೆ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೊದಲ ವಾರ, ಪಬ್ಬಿನಲ್ಲಿ ಕೊಟ್ಟ ಬಿಟರ್ ಎಂಬ ಬಿಯರನ್ನು ಒಂದು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ಸರಿಸಿದ್ದೆ. ಅದು ಐಸ್‌ನಂತೆ ತಣ್ಣಗಿರಲಿಲ್ಲ, ನಾಲಿಗೆಗೆ ಚುರುಗುಟ್ಟಲೂ ಇಲ್ಲ. ಗ್ಯಾಸ್ ಹೋದ ಬಿಯರ್ ಎಂದು ದೂರಿದೆ. ಕೌಂಟರಿನ ಹಿಂದಿದ್ದ ಹಿರಿಯರು ನಕ್ಕರು: "ಇದು ಕಾಸ್ಕ್ ಏಲ್, ಹೀಗೇ ಇರುತ್ತದೆ."

ಕಾಸ್ಕ್ ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ, ಸುಮಾರು 12 ಡಿಗ್ರಿಯ ತಂಪಿನಲ್ಲಿ, ಅದು ಕೊನೆಯ ಹದಕ್ಕೆ ಬರುತ್ತದೆ. ಮೇಲಿನ ರಂಧ್ರಕ್ಕೆ ಸಿಕ್ಕಿಸಿದ ಮೆತುವಾದ ಮರದ ಬೆಣೆಯ ಮೂಲಕ ಹೆಚ್ಚಿನ ಅನಿಲ ಹೊರಹೋಗುತ್ತದೆ. ಉಳಿಯುವುದು ಲೀಟರ್ ಬಿಯರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಇಂಗಾಲದ ಡೈಆಕ್ಸೈಡ್. ಅನಿಲದ ಒತ್ತಡದಿಂದ ಬಿಯರ್ ಹೊರತಳ್ಳುವ ಮುಚ್ಚಿದ ಲೋಹದ ಪೀಪಾಯಿ ಕೆಗ್‌ನಲ್ಲಿ ಅದು ಸುಮಾರು ಎರಡೂವರೆ ಲೀಟರ್, ಜೊತೆಗೆ ಬಿಯರ್ ಹೆಚ್ಚು ತಣ್ಣಗೂ ಇರುತ್ತದೆ. ಈ ಅನಿಲ ಬಾಯಲ್ಲಿ ಆಮ್ಲವಾಗಿ ನರಗಳನ್ನು ಚುಚ್ಚುತ್ತದೆ. ನಾನು ಬೆಂಗಳೂರಿನಲ್ಲಿ 'ಬಿಯರ್' ಎಂದು ತಿಳಿದಿದ್ದದ್ದು ಬಹುಪಾಲು ಈ ಚುಚ್ಚುವಿಕೆಯನ್ನೇ. ಕೆಗ್ ಗೋಲಿಸೋಡದ ನೆಂಟ. ಕಾಸ್ಕ್ ಕಡೆದ ಮಜ್ಜಿಗೆಯ ಬಳಗದ್ದು. ಮಾಲ್ಟಿನ ಬಿಸ್ಕತ್ತಿನಂಥ ರುಚಿ ಅದರಲ್ಲಿ ಮರೆಯಾಗುವುದಿಲ್ಲ.

ಲೀಡ್ಸ್ ಇರುವ ಯಾರ್ಕ್‌ಷೈರಿನವರು ಬಿಯರ್ ಸುರಿಯುವ ಕೈಪಂಪಿನ ಮೂತಿಗೆ ಸ್ಪಾರ್ಕ್ಲರ್ ಎಂಬ ಸಣ್ಣ ತೂತುಗಳ ಬಿಲ್ಲೆಯನ್ನು ಹಾಕುತ್ತಾರೆ. ಕಾಫಿಯನ್ನು ಎತ್ತರದಿಂದ ಹೊಯ್ದಂತೆ, ಅದರಿಂದ ನುಣ್ಣನೆಯ ನೊರೆ ಏಳುತ್ತದೆ. ಅನಿಲವೂ ಇನ್ನಷ್ಟು ತಪ್ಪಿಹೋಗುತ್ತದೆ ಎಂಬುದು ದಕ್ಷಿಣ ಇಂಗ್ಲೆಂಡಿನವರ ತಕರಾರು. ನಿಜವಾಗಿ ಕೆಟ್ಟ ಕಾಸ್ಕ್ ಅನ್ನು ಪತ್ತೆಹಚ್ಚುವುದು ಕಷ್ಟವಲ್ಲ. ತೆರೆದ ಪೀಪಾಯಿಗೆ ಗಾಳಿ ನುಗ್ಗುವುದರಿಂದ ಮೂರು ದಿನಗಳಲ್ಲಿ ಖಾಲಿಯಾಗಬೇಕು. ತಡವಾದರೆ ವಿನೆಗರ್ ವಾಸನೆ ಬರುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಯೀಸ್ಟ್ ತಳಕ್ಕಿಳಿಯಲು ಹಲವೆಡೆ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕುತ್ತಾರೆ, ಕೇಳಿ ಕುಡಿಯಿರಿ.

ಬಾಟಲಿಯಲ್ಲೇ ಹದವಾಗುವ ಬಿಯರಿನಲ್ಲೂ ಯೀಸ್ಟ್ ಇರುತ್ತದೆ, ಆದರೆ ಅನಿಲ ಹೊರಹೋಗಲು ದಾರಿಯಿಲ್ಲ. ಹಾಗಾಗಿ ಅದು ಚುರುಕು. ನೆಟ್ಟಗೆ ನಿಲ್ಲಿಸಿಟ್ಟು ಒಂದೇ ಸಲ ಬಗ್ಗಿಸಿ, ತಳದ ಗಸಿ ಕುತ್ತಿಗೆಗೆ ಬಂದೊಡನೆ ನಿಲ್ಲಿಸಬೇಕು. ಗಸಿ ಬೆರೆತರೆ ಲೋಟ ಮಬ್ಬಾಗುತ್ತದೆ, ಬಾಯಿಗೆ ಮಂದವಾಗುತ್ತದೆ.

ಕಳೆದ ಬೇಸಿಗೆಯಲ್ಲಿ ತಮ್ಮ ಬಂದಿದ್ದಾಗ ಗಿನ್ನೆಸ್ ಬಿಯರಿನ ಡಬ್ಬಿ ತೆರೆದೆವು. ಒಳಗೆ ಪ್ಲಾಸ್ಟಿಕ್ ಗುಂಡೊಂದಿರುತ್ತದೆ. ಡಬ್ಬಿ ತೆರೆದೊಡನೆ ಒತ್ತಡ ಕುಸಿದು, ಗುಂಡಿನ ಸೂಜಿತೂತಿನಿಂದ ನೈಟ್ರೋಜನ್ ಚಿಮ್ಮುತ್ತದೆ. ಈ ಅನಿಲ ದ್ರವದಲ್ಲಿ ಅಷ್ಟಾಗಿ ಕರಗದು. ಆದ್ದರಿಂದ ಸಣ್ಣ ಗುಳ್ಳೆಯ ಅನಿಲ ದೊಡ್ಡ ಗುಳ್ಳೆಗೆ ಸುಲಭವಾಗಿ ಸೋರದೆ, ನೊರೆ ಕೆನೆಯಂತೆ ನಿಲ್ಲುತ್ತದೆ. ತಮ್ಮ ಬೆರಗಾದ. ಅರ್ಧ ಲೋಟ ಮುಗಿದ ಮೇಲೆ, "ಕೆನೆಯ ಕೆಳಗೆ ನೀರು ನೀರಾಗಿದೆಯಲ್ಲ ಅಣ್ಣಾ?" ಎಂದ.