ಒಂದೂ ಅಕ್ಷರವಿಲ್ಲದೆ ಲೆವೆಲ್ ಹೇಗೆ ಪಾಠ ಹೇಳುತ್ತದೆ: ಕುಸಿಯುವ ಹಲಗೆಯ ನಾಲ್ಕು ಕೋಣೆಗಳು

"ಟ್ಯುಟೋರಿಯಲ್ ಬಾಕ್ಸ್ ಹಾಕಿದ್ರೆ ಯಾರೂ ಓದಲ್ಲ, ತೆಗೆದ್ರೆ ಯಾರಿಗೂ ಅರ್ಥ ಆಗಲ್ಲ. ಹಾಗಾದ್ರೆ ಹೊಸ ಮೆಕ್ಯಾನಿಕ್ ಒಂದನ್ನ, ಅಂದ್ರೆ ಆಟ ನಡೆಯೋ ಹೊಸ ನಿಯಮವೊಂದನ್ನ, ಬರೀ ಲೆವೆಲ್ ಕಟ್ಟೋದರಿಂದಲೇ ಹೇಗೆ ಕಲಿಸೋದು?"

ಆಟಗಾರ ತಪ್ಪು ಮಾಡಲೇಬೇಕಾದ, ಆದರೆ ಆ ತಪ್ಪಿಗೆ ಏನನ್ನೂ ಕಳೆದುಕೊಳ್ಳದ ಜಾಗವೊಂದನ್ನು ಮೊದಲು ಕಟ್ಟಿ. ಆಮೇಲೆ ಅದೇ ಸನ್ನಿವೇಶವನ್ನು ಮತ್ತೆ ಮತ್ತೆ ತನ್ನಿ, ಪ್ರತಿ ಸಲ ಒಂದೇ ಒಂದು ವಿಷಯವನ್ನು ಬದಲಿಸಿ. ಹೇಳುವಾಗ ಇದು ಸುಲಭ. ಕೆಲಸ ಕೆಡುವುದು ಅಳತೆಗಳಲ್ಲಿ. ಹಾಗಾಗಿ ಒಂದೇ ಮೆಕ್ಯಾನಿಕ್ ಹಿಡಿದು ಅಳತೆಸಮೇತ ನೋಡೋಣ: ಮೈಮೇಲೆ ಬಿರುಕಿನ ಚಿತ್ರವಿರುವ, ಕಾಲಿಟ್ಟರೆ ಅಲುಗಾಡಿ ಕುಸಿಯುವ ಹಲಗೆ.

ನಮ್ಮದು ಪಕ್ಕದಿಂದ ನೋಡುವ 2ಡಿ ಆಟ ಎಂದುಕೊಳ್ಳಿ. ಅಳತೆಗೆ ಟೈಲ್ ಬಳಸೋಣ, ಅಂದರೆ ಲೆವೆಲ್ ಕಟ್ಟುವ ಸಮ ಚೌಕಗಳಲ್ಲಿ ಒಂದು. ಪಾತ್ರ ಸೆಕೆಂಡಿಗೆ 6 ಟೈಲ್ ಓಡುತ್ತದೆ, 3 ಟೈಲ್ ಎತ್ತರ ಜಿಗಿಯುತ್ತದೆ, ಓಡಿ ಜಿಗಿದರೆ 4 ಟೈಲ್ ದಾಟುತ್ತದೆ. ಹಲಗೆ ಕಾಲಿಟ್ಟ 0.6 ಸೆಕೆಂಡಿಗೆ ಕುಸಿಯುತ್ತದೆ, 2 ಸೆಕೆಂಡಿನ ನಂತರ ಮತ್ತೆ ಅದೇ ಜಾಗದಲ್ಲಿ ಮೂಡುತ್ತದೆ. ಈ ಐದು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದೆ ಲೆವೆಲ್ ಎಡಿಟರ್ ತೆರೆಯಬೇಡಿ, ಮುಂದಿನದೆಲ್ಲ ಇವುಗಳ ಮೇಲೇ ನಿಂತಿದೆ.

ಮೊದಲ ಕೋಣೆಯಲ್ಲಿ ಬಹುತೇಕರು 3 ಟೈಲ್ ಅಗಲದ ಪುಟ್ಟ ಹಲಗೆ ಇಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಏನೂ ಕಲಿಸುವುದಿಲ್ಲ. ಓಡುವವನಿಗೆ ಅದನ್ನು ದಾಟಲು ಅರ್ಧ ಸೆಕೆಂಡ್ ಸಾಕು. ಹಲಗೆ ಅವನ ಬೆನ್ನ ಹಿಂದೆ ಬೀಳುತ್ತದೆ, ಅವನ ಕಣ್ಣು ಆಗಲೇ ಮುಂದಿನ ಜಿಗಿತದ ಮೇಲಿರುತ್ತದೆ. ಡಿಸೈನರ್ ಪಾಠ ಹೇಳಿಯಾಯಿತು ಅಂದುಕೊಳ್ಳುತ್ತಾನೆ, ಆಟಗಾರ ಪಾಠ ನಡೆದದ್ದನ್ನೇ ನೋಡಿಲ್ಲ. ಮುಂದೆ ಪ್ರಪಾತದ ಮೇಲೆ ಇದೇ ಹಲಗೆ ಸಿಕ್ಕಾಗ ಅವನು ಅದರ ಮೇಲೆ ನೆಮ್ಮದಿಯಾಗಿ ನಿಂತು ಸಾಯುತ್ತಾನೆ, ಮೋಸ ಹೋದೆ ಅಂದುಕೊಳ್ಳುತ್ತಾನೆ. ಅವನು ಹಾಗೆ ಅಂದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಆದ್ದರಿಂದ ಮೊದಲ ಹಲಗೆ 6 ಟೈಲ್ ಅಗಲ ಇರಲಿ. ಪೂರ್ತಿ ಓಡಿ ದಾಟಲು 1 ಸೆಕೆಂಡ್ ಬೇಕು, ಹಲಗೆ 0.6ಕ್ಕೇ ಕುಸಿಯುತ್ತದೆ, ಅಂದರೆ ಸುಮಾರು 3.6 ಟೈಲ್ ಹೋಗುವಷ್ಟರಲ್ಲಿ ಕಾಲಡಿ ಖಾಲಿ. ಆದರೂ ಒಂದು ಕಳ್ಳದಾರಿ ಉಳಿದಿದೆ: ಅಂಚಿನಿಂದಲೇ ಜಿಗಿದು 4 ಟೈಲ್ ಆಚೆ ಇಳಿದವನಿಗೆ ಬಾಕಿ 2 ಟೈಲ್ ಓಡಲು ಮೂರನೇ ಒಂದು ಸೆಕೆಂಡ್ ಸಾಕು. ಅದಕ್ಕೆ ಎಡದ ಅಂಚಿನಿಂದ ಹಿಡಿದು ಹಲಗೆಯ ಮೊದಲ 4 ಟೈಲ್‌ವರೆಗೆ ತಲೆಗೆ ತಾಗುವಷ್ಟು ತಗ್ಗಾದ ಚಾವಣಿ ಹಾಕಿ. ಈಗ ಜಿಗಿಯುವ ಹಾಗಿಲ್ಲ, ನಡೆದರೂ ಓಡಿದರೂ ಬೀಳಲೇಬೇಕು.

ಬಿದ್ದರೆ ಎಲ್ಲಿಗೆ? 2 ಟೈಲ್ ಆಳದ ಗುಂಡಿಗೆ. ಜಿಗಿತ 3 ಟೈಲ್ ಇರುವುದರಿಂದ ಚಾವಣಿ ಮುಗಿದ ಬಲಭಾಗದಲ್ಲಿ ಒಂದೇ ನೆಗೆತಕ್ಕೆ ಹೊರಗೆ ಬರಬಹುದು. ಗುಂಡಿಯ ತಳ ಹಲಗೆಗೆ ಕಾಲಿಡುವ ಮೊದಲೇ ಪರದೆಯಲ್ಲಿ ಕಾಣುತ್ತಿರಬೇಕು. ತಳ ಕಾಣದ ಗುಂಡಿ ಆಟಗಾರನ ಲೆಕ್ಕದಲ್ಲಿ ಸಾವೇ. ಅವನು ಅಂಚಿನಲ್ಲೇ ನಿಂತು ಅನುಮಾನಿಸತೊಡಗಿದರೆ ನೀವು ಕಟ್ಟಿದ ಸುರಕ್ಷಿತ ಜಾಗ ಸುರಕ್ಷಿತವಾಗಿದ್ದೂ ಪ್ರಯೋಜನವಿಲ್ಲ.

ಇಲ್ಲೊಂದು ಬಗ್ ಕಾದಿರುತ್ತದೆ. ಆಟಗಾರ ಗುಂಡಿಯಲ್ಲಿರುವಾಗಲೇ 2 ಸೆಕೆಂಡ್ ಕಳೆದು ಹಲಗೆ ಅವನ ತಲೆಯ ಮೇಲೆ ಮತ್ತೆ ಮೂಡುತ್ತದೆ. ಅದು ಎಲ್ಲ ಕಡೆಯಿಂದಲೂ ಗಟ್ಟಿಯಾಗಿದ್ದರೆ ಅವನು ಒಳಗೇ ಬಂದಿ. ಕೆಳಗಿನಿಂದ ತೂರಿಕೊಂಡು ಮೇಲೆ ಬರಬಹುದಾದ, ಮೇಲಿನಿಂದ ಮಾತ್ರ ಗಟ್ಟಿಯಾದ ಹಲಗೆಯನ್ನೇ ಬಳಸಿ.

ಈ ಕೋಣೆ ಯಾರನ್ನೂ ಪರೀಕ್ಷಿಸುವುದಿಲ್ಲ. ಬಿದ್ದವನು ಬಲಕ್ಕೆ ಹತ್ತಿ ಮುಂದೆ ಹೋಗಲಿ. ಕಾಲಿಟ್ಟೆ, ನಡುಗಿತು, ಬಿತ್ತು ಎಂಬ ಮೂರನ್ನು ಒಂದೇ ಉಸಿರಿನಲ್ಲಿ ನೋಡಿದರೆ ಸಾಕು. ನಡುಗುವುದು, ಪುಡಿ ಉದುರುವುದು, ಕಿರ್ ಎನ್ನುವ ಸದ್ದು ಇವೆಲ್ಲ ಕಾಲಿಟ್ಟ ಕ್ಷಣದಿಂದಲೇ ಶುರುವಾಗಬೇಕು. ಬೀಳುವ ಸ್ವಲ್ಪ ಮುಂಚೆ ಶುರುವಾದರೆ ತನ್ನ ಕಾಲಿಗೂ ಹಲಗೆಯ ಬೀಳುವಿಕೆಗೂ ಇರುವ ನಂಟು ಆಟಗಾರನಿಗೆ ಹೊಳೆಯುವುದಿಲ್ಲ. ಸೂಚನೆಯನ್ನು ಸದ್ದಿಗೆ ಮಾತ್ರ ಬಿಡಬೇಡಿ, ಸದ್ದು ಆರಿಸಿ ಆಡುವವರು ಬೇಕಾದಷ್ಟು ಜನ.

ಎರಡನೆಯ ಕೋಣೆಯಲ್ಲಿ ಅದೇ ಹಲಗೆ, ಅದೇ ಬಿರುಕು, ಅದೇ ಬಣ್ಣ, ಆದರೆ ಪುಟ್ಟದಾಗಿ ಮೂರು. ಒಂದೊಂದೂ 2 ಟೈಲ್ ಅಗಲ, ನಡುವೆ 3 ಟೈಲ್ ಅಂತರ. ಅಂತರ 3 ಯಾಕೆ? 2 ಇಟ್ಟರೆ ಪೂರ್ತಿ ವೇಗದಲ್ಲಿ ಜಿಗಿದವನು ಹಲಗೆಯ ಆಚೆ ತುದಿಗೆ ಇಳಿದು ಜಾರಿ ಬೀಳುತ್ತಾನೆ. ಆಗ ಅವನಿಗೆ ಸಿಗುವ ಪಾಠ "ಮೆಲ್ಲಗೆ ಜಿಗಿ" ಎಂದು, ನಮಗೆ ಬೇಕಾದದ್ದು "ನಿಲ್ಲಬೇಡ" ಎಂದು. 3 ಇಟ್ಟರೆ 4 ಟೈಲ್ ಜಿಗಿತ ನೇರ ಹಲಗೆಯ ನಡುವಿಗೆ ಇಳಿಯುತ್ತದೆ. ಬಿದ್ದರೆ ಅದು ನಿಂತದ್ದಕ್ಕೆ ಮಾತ್ರ. ಒಂದು ಸೋಲಿಗೆ ಒಂದೇ ಕಾರಣ ಉಳಿಯುವ ಹಾಗೆ ಕೋಣೆ ಕಟ್ಟುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಕೆಳಗೆ ಇಲ್ಲಿಯೂ ನೆಲವಿದೆ, ಆದರೆ 5 ಟೈಲ್ ಆಳದಲ್ಲಿ. ಜಿಗಿದು ಹತ್ತಲಾಗದು, ಮೆಟ್ಟಿಲು ಎಡಗಡೆ ಮಾತ್ರ. ಬಿದ್ದರೆ ಐದಾರು ಸೆಕೆಂಡ್ ನಡೆದು ಮೊದಲಿನಿಂದ ಶುರು ಮಾಡಬೇಕು. ಸೋಲಿಗೆ ಈಗ ಒಂದು ಬೆಲೆ ಬಂತು, ಆದರೆ ಸಣ್ಣ ಬೆಲೆ. ಮೂರು ಹಲಗೆ ಇರುವುದು ಪುನರಾವರ್ತನೆಗಾಗಿ: ಒಮ್ಮೆ ದಾಟಿದ್ದು ಅದೃಷ್ಟ ಇರಬಹುದು, ಸತತ ಮೂರು ದಾಟಿದವನ ಕೈಗೆ ಆ ಲಯ ಹತ್ತಿರುತ್ತದೆ.

ಮೂರನೆಯ ಕೋಣೆಯಲ್ಲಿ ನೆಲ ತೆಗೆಯಿರಿ. ಬಿದ್ದರೆ ಸಾವು. ಆದರೆ ಹಲಗೆ ಮೂರಲ್ಲ, ಎರಡೇ, ಅಳತೆ ಎರಡನೆಯ ಕೋಣೆಯದೇ. ಸತ್ತವನು ಮತ್ತೆ ಶುರು ಮಾಡುವ ಚೆಕ್‌ಪಾಯಿಂಟ್ ಅಂಚಿನಿಂದ ನಾಲ್ಕೈದು ಹೆಜ್ಜೆ ಹಿಂದೆ. ಅಪಾಯ ಏರಿಸಿದ ಕಡೆ ಕೌಶಲದ ಬೇಡಿಕೆಯನ್ನು ಒಂದು ಮೆಟ್ಟಿಲು ಇಳಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಿದರೆ, ಸೋತವನು ಹೆದರಿ ಸೋತನೋ ಕೈಲಾಗದೆ ಸೋತನೋ ಅವನಿಗೂ ತಿಳಿಯದು, ನಿಮಗೂ ತಿಳಿಯದು.

ಇದೇ ಕ್ರಮ 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಲೆವೆಲ್‌ನ ಕೊನೆಯ ಭಾಗದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಎದುರುಬದುರಾದ ಎರಡು ಮೆಟ್ಟಿಲು ಸಾಲು ಬರುತ್ತವೆ, ನಡುವೆ ಸಣ್ಣ ಸಂದು, ಸಂದಿನ ತಳದಲ್ಲಿ ನೆಲ. ಬಿದ್ದರೆ ಎದ್ದು ಬರಬಹುದು. ಸ್ವಲ್ಪ ಮುಂದೆ ಹೆಚ್ಚುಕಮ್ಮಿ ಅದೇ ಆಕಾರ ಮತ್ತೆ ಬರುತ್ತದೆ, ಈ ಸಲ ನಡುವೆ ತಳವಿಲ್ಲ. ಬರೀ ನೆಲದ ಮೇಲಿನ ಹೊಂಡಗಳನ್ನು ಆಟಗಾರ ಅದಾಗಲೇ ದಾಟಿರುತ್ತಾನೆ. ಇಲ್ಲಿ ಹೊಸದು ಮೆಟ್ಟಿಲ ತುದಿಯಿಂದ ಜಿಗಿಯುವುದು, ಅದಕ್ಕೊಂದು ಉಚಿತ ಪ್ರಯತ್ನ ಸಿಕ್ಕಿರುತ್ತದೆ. ಅದೇ ಲೆವೆಲ್‌ನ ಆರಂಭದಲ್ಲಿ ಮೊದಲ ಅಣಬೆ ಇಟ್ಟಿಗೆ ಸಾಲಿನಿಂದ ಬಲಕ್ಕೆ ಜಾರಿ, ಕೊಳವೆಗೆ ಬಡಿದು, ಆಟಗಾರನ ಕಡೆಗೇ ತಿರುಗಿ ಬರುತ್ತದೆ. ಶತ್ರು ಎಂದು ಹೆದರಿದವನಿಗೂ ಅದು ತಾಗುವ ಸಾಧ್ಯತೆಯೇ ಹೆಚ್ಚು, ತಾಗಿದ ಕೂಡಲೇ ಒಳ್ಳೆಯದು ಎಂದು ಗೊತ್ತಾಗುತ್ತದೆ. ನಮ್ಮ ತಗ್ಗು ಚಾವಣಿ ಮಾಡುವ ಕೆಲಸವನ್ನು ಅಲ್ಲಿ ಕೊಳವೆ ಮಾಡುತ್ತದೆ.

ನಾಲ್ಕನೆಯ ಕೋಣೆಯಲ್ಲಿ ಎರಡು ದಾರಿಗಳಿವೆ. ಒಂದು, ಆಟಗಾರನಿಗೆ ಮೊದಲೇ ಪರಿಚಯವಿರುವ ಶತ್ರುವನ್ನು ಹಲಗೆಗಳ ಜೊತೆ ಸೇರಿಸುವುದು. ಹಲಗೆ ಗೊತ್ತು, ಹಾರುವ ಶತ್ರುವೂ ಗೊತ್ತು, ಆದರೆ ಎರಡೂ ಸೇರಿದಾಗ ಅದು ಹೊಸ ಮೆಕ್ಯಾನಿಕ್ಕೇ. ಆದ್ದರಿಂದ ಈ ಜೋಡಿಯ ಮೊದಲ ಭೇಟಿಗೆ ಕೆಳಗೆ ಮತ್ತೆ ನೆಲ ಹಾಕಿ. ಮೂರನೆಯ ಕೋಣೆ ಗೆದ್ದ ಮೇಲೂ ನೆಲ ಕೊಡುವುದೇ ಎಂದು ಅನೇಕರು ಹಿಂಜರಿಯುತ್ತಾರೆ. ಕೊಡಿ, ಅದು ಹಿಂದೆ ಸರಿದಂತಲ್ಲ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ: ಕಲಿತದ್ದನ್ನು ತಲೆಕೆಳಗು ಮಾಡುವುದು. ಕಿರಿದಾದ ಬಾವಿಯಂಥ ಜಾಗ, ಅಡ್ಡಲಾಗಿ ಹಲಗೆ, ಕೆಳಗೆ ನಾಣ್ಯಗಳ ಸಾಲು ಮತ್ತು ಬಾಗಿಲು ಕಾಣುತ್ತಿವೆ. ಇಲ್ಲಿಯವರೆಗೆ ಓಡಿದವನು ಈಗ ಬೇಕೆಂದೇ ನಿಲ್ಲಬೇಕು. ಸೂಪರ್ ಮಾರಿಯೋ 3ಡಿ ಲ್ಯಾಂಡ್ ನಿರ್ದೇಶಕ ಕೊಯಿಚಿ ಹಯಾಶಿದಾ ತಮ್ಮ ಲೆವೆಲ್‌ಗಳ ಬಗ್ಗೆ ಹೇಳಿದ್ದು ಇಂಥದೇ ನಾಲ್ಕು ಹಂತಗಳನ್ನು: ಪರಿಚಯ, ಬೆಳವಣಿಗೆ, ತಿರುವು, ಮುಕ್ತಾಯ. ತಿರುವು ಕೆಲಸ ಮಾಡುವುದು ಮೊದಲಿನ ಪಾಠ ಗಟ್ಟಿಯಾಗಿದ್ದರೆ ಮಾತ್ರ, ಎರಡನೆಯ ಕೋಣೆಗೂ ಮೊದಲೇ ಇಟ್ಟರೆ ಅದು ಬರೀ ಗೊಂದಲ.

ಬಿರುಕಿನ ಚಿತ್ರ ಇಡೀ ಆಟದಲ್ಲಿ ಕುಸಿಯುವ ಹಲಗೆಗೆ ಮಾತ್ರ ಮೀಸಲು. ಚೆಂದಕ್ಕೆಂದು ಕಲಾವಿದರು ಗಟ್ಟಿ ನೆಲದ ಮೇಲೂ ಅದೇ ಬಿರುಕು ಎಳೆದರೆ ಹಿಂದಿನ ಮೂರು ಕೋಣೆಗಳ ಶ್ರಮ ಅಲ್ಲಿಗೆ ಮುಗಿಯಿತು. ಹಿಮದ ಲೋಕ ಬಂದಾಗ ಬಣ್ಣ ಬದಲಿಸಿ, ಬಿರುಕಿನ ಆಕಾರ ಬದಲಿಸಬೇಡಿ.

ಪಾಠ ಹತ್ತಿದೆಯೋ ಇಲ್ಲವೋ ತಿಳಿಯಲು ಆಟ ನೋಡಿರದ ಐದಾರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಬಾಯಿ ಬಿಡದೆ ಹಿಂದೆ ನಿಲ್ಲಿ. ಮೂರನೆಯ ಕೋಣೆಯ ಅಂಚಿನಲ್ಲಿ ಅವರು ಕ್ಷಣ ತಡೆದು, ಆಮೇಲೆ ನಿಲ್ಲದೆ ದಾಟಿದರೆ ಬಿರುಕನ್ನು ಗುರುತಿಸಿದ್ದಾರೆ. ತಡೆಯದೆ ನುಗ್ಗಿ ಹಲಗೆಯ ಮೇಲೆ ನಿಂತರೆ ಮೊದಲ ಕೋಣೆ ಕಣ್ಣಿಗೆ ಬಿದ್ದಿಲ್ಲ. ಸರಿಪಡಿಸಬೇಕಾದದ್ದು ಅದನ್ನು, ಮೂರನೆಯದನ್ನಲ್ಲ. ಸತ್ತ ಮೇಲೆ "ಏನಾಯಿತು?" ಎಂದು ಕೇಳಿ. "ಜಾಸ್ತಿ ಹೊತ್ತು ನಿಂತೆ" ಎಂಬ ಉತ್ತರ ಒಳ್ಳೆಯದು. "ಬಟನ್ ಒತ್ತಿದೆ, ಜಿಗಿಯಲಿಲ್ಲ" ಎಂದರೆ ಹಲಗೆ ಕುಸಿದ ನಂತರದ ಜಿಗಿತವನ್ನು ಆಟ ತಿರಸ್ಕರಿಸುತ್ತಿದೆ. ಕುಸಿದ ಮೇಲೂ 0.1 ಸೆಕೆಂಡ್ ಜಿಗಿತಕ್ಕೆ ಅವಕಾಶ ಕೊಟ್ಟು ಮತ್ತೆ ಪರೀಕ್ಷಿಸಿ.

ಈ ವಿಧಾನ ಎಲ್ಲಕ್ಕೂ ಒಗ್ಗುವುದಿಲ್ಲ. ಜಗತ್ತಿನ ವಸ್ತು ಹೇಗೆ ವರ್ತಿಸುತ್ತದೆ ಎಂಬುದನ್ನು ಲೆವೆಲ್ ಚೆನ್ನಾಗಿ ಕಲಿಸುತ್ತದೆ. ಎರಡು ಬಟನ್ ಒಟ್ಟಿಗೆ ಹಿಡಿದು ಬಿಡಬೇಕು ಎಂಬಂಥದ್ದನ್ನು ಯಾವ ಕೋಣೆಯೂ ಕಲಿಸದು, ಅಲ್ಲಿ ಬಟನ್‌ಗಳ ಚಿತ್ರವನ್ನು ಗೋಡೆಯ ಮೇಲೆ ಬರೆಯಿರಿ. ಚಿತ್ರ ಇರಬೇಕಾದದ್ದು ಆ ಚಲನೆ ಇಲ್ಲದೆ ದಾಟಲಾಗದ ಮೊದಲ ಅಡ್ಡಿಯ ಪಕ್ಕದಲ್ಲಿ, ಆಟದ ಆರಂಭದಲ್ಲಲ್ಲ.